ಆಶಾರಾಣಿ ಮಿಸ್ಸಿಗೆ ಕಾಣದೆ ಹೋದ ಬ್ಲಾಕುಗಳು

ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳು ಮುಗಿದು ಹಳೆಯ ಊರು ಶುರುವಾಗುವಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿದೆ. ಕಲ್ಲು ಕೊಯ್ಯುವ ಸದ್ದು ಅಲ್ಲಿಗೆ ದಿನವಿಡೀ ಕೇಳುತ್ತದೆ. ಆ ಶಾಲೆಯಲ್ಲಿ ಆಶಾರಾಣಿ ಗಣಿತ ಹೇಳಿಕೊಡುತ್ತಿದ್ದರು. ಎಂಟನೇ ತರಗತಿಯ ಮಕ್ಕಳು ಬರೆಯುವ ವಿದ್ಯಾರ್ಥಿವೇತನ ಪರೀಕ್ಷೆಗೆ ಸಂಜೆ ಹೊತ್ತು ವಿಶೇಷ ತರಗತಿ ತೆಗೆದುಕೊಳ್ಳುವವರೂ ಅವರೇ. ಅದಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಒಂದು ವರ್ಷ ಶುರು ಮಾಡಿದರು, ಆಮೇಲೆ ಬಿಡಲಿಲ್ಲ. ಸುತ್ತಲಿನ ಶಾಲೆಗಳಿಗಿಂತ ಈ ಶಾಲೆಯಿಂದ ಹೆಚ್ಚು ಮಕ್ಕಳು ಆಯ್ಕೆಯಾಗುತ್ತಿದ್ದರು.

ಆ ಪರೀಕ್ಷೆಯಲ್ಲಿ ಬುದ್ಧಿಸಾಮರ್ಥ್ಯದ ಪ್ರಶ್ನೆಗಳಿರುತ್ತವೆ. ಒಂದರ ಮೇಲೊಂದು, ಒಂದರ ಪಕ್ಕ ಒಂದು ಜೋಡಿಸಿಟ್ಟ ಘನಗಳ ಚಿತ್ರ ಕೊಟ್ಟು, ಒಟ್ಟು ಎಷ್ಟು ಘನಗಳಿವೆ ಎಂದು ಕೇಳುವುದು ಅವುಗಳಲ್ಲಿ ಒಂದು. ಮಕ್ಕಳು ಎಡವುತ್ತಿದ್ದದ್ದೇ ಅಲ್ಲಿ. ಚಿತ್ರದಲ್ಲಿ ಕಂಡದ್ದನ್ನು ಎಣಿಸಿ ಬರೆದುಬಿಡುತ್ತಿದ್ದರು. ಆಶಾರಾಣಿಗೆ ಆ ಪಾಠವೆಂದರೆ ಎಲ್ಲಿಲ್ಲದ ಉಮೇದು. ಬೋರ್ಡಿನ ಮೇಲೆ ಮೂಲೆಗೆ ಒರಗಿದ ಮೆಟ್ಟಿಲಿನಂಥ ಗುಡ್ಡೆಯೊಂದನ್ನು ಬರೆಯುವರು. ಮೂಲೆಯಲ್ಲಿ ಮೂರು ಎತ್ತರ, ಅದರ ಎರಡೂ ಪಕ್ಕ ಎರಡೆರಡು, ಅದರಾಚೆ ಒಂದು ಎತ್ತರದವು ಮೂರು.

“ಎಷ್ಟು ಕಾಣ್ತಾವೆ?”

“ಆರು ಮಿಸ್!”

“ಎಷ್ಟಿದಾವೆ?”

ಮಕ್ಕಳು ಮತ್ತೆ ಬೆರಳು ಮಡಿಸಿ ಎಣಿಸುವರು. “ಮೇಲಿರೋ ಬ್ಲಾಕು ಗಾಳೀಲಿ ನಿಂತಿದೆಯೇನ್ರೋ? ಅದರ ಕೆಳಗೊಂದು ಇರಲೇಬೇಕಲ್ವಾ? ಒಂದೊಂದು ಕಂಬಾನೂ ನೋಡಿ. ಮೇಲಿನಿಂದ ನೆಲದವರೆಗೆ ಎಷ್ಟು ಎತ್ತರ ಅಂತ ಬರ್ಕೊಳ್ಳಿ. ಆಮೇಲೆ ಕೂಡಿ” ಎನ್ನುವರು. ಆರು ಚೌಕ ಹಾಕಿ ಅವುಗಳಲ್ಲಿ ಮೂರು, ಎರಡು, ಒಂದು, ಎರಡು, ಒಂದು, ಒಂದು ಎಂದು ತುಂಬಿದರೆ ಹತ್ತಾಗುತ್ತಿತ್ತು. ಕಂಡದ್ದು ಆರು, ಮರೆಯಲ್ಲಿದ್ದದ್ದು ನಾಲ್ಕು. ಯಾವುದೋ ಮಗುವಿನ ಬಾಯಿಂದ ತಾನಾಗಿಯೇ “ಓ” ಎಂದು ಬರುವುದನ್ನು ಕೇಳಲೆಂದೇ ಅವರು ಆ ಪಾಠ ಮಾಡುತ್ತಿದ್ದರೇನೋ.

ಆ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದ ಮೇಲೆ, ಒಂದು ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದ ಆಶಾರಾಣಿಯ ಎಡಗೈ ತನ್ನದಲ್ಲವೆಂಬಂತೆ ಜೋತುಬಿತ್ತು. ಗಂಡ ಭಾನುಪ್ರಕಾಶ್ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅಂದು ಹೆಂಡತಿಯ ಪುಣ್ಯಕ್ಕೆ ಇನ್ನೂ ಮನೆಯಲ್ಲಿದ್ದರು. ಬಾಯಿ ಸೊಟ್ಟಗಾದದ್ದನ್ನು ಕಂಡು ಏನು ಎತ್ತ ಎಂದು ಕೇಳದೆ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಪಾರ್ಶ್ವವಾಯು. ಬೇಗ ಬಂದದ್ದರಿಂದ ಉಳಿದುಕೊಂಡರು ಎಂದರು ಡಾಕ್ಟರು. ಮಾತು ಹೋಗಿರಲಿಲ್ಲ. ಕೆಲವೇ ವಾರಗಳಲ್ಲಿ ಎಡಗೈಯಲ್ಲಿ ಲೋಟ ಹಿಡಿಯುವಷ್ಟು ಬಲ ಬಂತು. ನೋಡಲು ಬಂದವರೆಲ್ಲ, “ಏನೂ ಆಗೇ ಇಲ್ಲ ಅನ್ನೋ ಹಂಗಿದೀರಲ್ಲ ಮೇಡಂ” ಎಂದು ಹೇಳಿ ಕಾಫಿ ಕುಡಿದು ಹೋದರು.

ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಪೇಪರ್ ಓದುವಾಗ ಸಾಲಿನ ಶುರು ತಪ್ಪಿ ಅರ್ಥ ಕೆಡುತ್ತಿತ್ತು. ನಿಶ್ಶಕ್ತಿ ಇರಬೇಕು ಎಂದುಕೊಂಡರು.

ಮತ್ತೆ ಶಾಲೆಗೆ ಹೋಗುವ ಹಿಂದಿನ ದಿನ, ಸಂಜೆ ತರಗತಿಗೆಂದು ಹಳೆಯ ಮಾದರಿ ಪ್ರಶ್ನೆಪತ್ರಿಕೆ ತೆರೆದರು. ಘನಗಳ ಚಿತ್ರವಿದ್ದ ಪುಟ ಬಂತು. ಆಶಾರಾಣಿ ನೋಡಿದರು. ಕಾಗದದ ಮೇಲೆ ಗೆರೆಗಳಿದ್ದವು. ಓರೆ ಚೌಕಗಳು, ಅವುಗಳಿಗೆ ಅಂಟಿಕೊಂಡು ಇನ್ನಷ್ಟು ಓರೆ ಚೌಕಗಳು. ರಂಗೋಲಿಯ ಹಾಗೆ ಚಪ್ಪಟೆಯಾಗಿದ್ದವು. ಒಂದು ಕ್ಷಣ ಯಾವುದೋ ಒಂದು ಬ್ಲಾಕು ಎದ್ದು ನಿಂತಂತಾಗಿ ಮರುಕ್ಷಣ ಮತ್ತೆ ಗೆರೆಯಾಗುತ್ತಿತ್ತು. ಕನ್ನಡಕ ಒರೆಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ ಎಂಬುದೇ ಆ ಚಿತ್ರದಲ್ಲಿರಲಿಲ್ಲ.

ಅವರಿಗೆ ಮೈ ಬೆವರಿತು. ಹದಿನೇಳನ್ನು ಇಪ್ಪತ್ತಮೂರರಿಂದ ಮನಸ್ಸಿನಲ್ಲೇ ಗುಣಿಸಿ ನೋಡಿದರು, ಸರಿಯಾಗಿ ಬಂತು. ತಲೆ ಕೆಟ್ಟಿಲ್ಲ. ಹಾಗಾದರೆ ಇದೇನು? ಅಡುಗೆಮನೆಯಿಂದ ಭಾನುಪ್ರಕಾಶ್, “ಏನಾಯ್ತೇ ಆಶಾ?” ಎಂದು ಕೂಗಿದರು. “ಏನಿಲ್ಲ ರೀ, ಸೆಕೆ” ಎಂದು ಪುಸ್ತಕ ಮುಚ್ಚಿದರು.

ಯಾರಿಗೂ ಹೇಳಲಿಲ್ಲ. ಹೇಳಿದರೆ ತರಗತಿ ಹೋಗುತ್ತದೆ. ತರಗತಿ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಅವರಿಗೆ ತೋಚಲಿಲ್ಲ. ಪುಸ್ತಕದ ಹಿಂದಿನ ಉತ್ತರಗಳನ್ನು ಬಾಯಿಪಾಠ ಮಾಡಿದರು. ಒಂದನೇ ಚಿತ್ರಕ್ಕೆ ಹತ್ತು, ಎರಡನೆಯದಕ್ಕೆ ಹದಿನಾಲ್ಕು, ಮೂರನೆಯದಕ್ಕೆ ಹನ್ನೊಂದು. ಬೋರ್ಡಿನ ಮೇಲೆ ಚಿತ್ರ ಬರೆಯಲು ಮಕ್ಕಳನ್ನೇ ಕರೆದರು. ತಾವು ಪಕ್ಕದಲ್ಲಿ ನಿಂತು “ಹೂಂ, ಹೂಂ” ಎಂದು ತಲೆಯಾಡಿಸಿದರು. ಕೆಲವು ದಿನ ಹಾಗೇ ನಡೆಯಿತು.

ಪ್ರಿಯಾಂಕಾ ಎಂಬ ಹುಡುಗಿ ಆ ತರಗತಿಯಲ್ಲಿದ್ದಳು. ಅಜ್ಜಿ ಸೊಣ್ಣಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಳು. ಸೊಣ್ಣಮ್ಮ ಈ ಊರಿನವಳೇ. ಇದ್ದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಫ್ಯಾಕ್ಟರಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದಳು. ಮೊಮ್ಮಗಳದು ಮಾತು ಕಡಿಮೆ, ಆದರೆ ಘನಗಳ ಲೆಕ್ಕವೆಂದರೆ ಅವಳ ಕಣ್ಣು ಚುರುಕಾಗುತ್ತಿತ್ತು. ಚಿತ್ರದ ಹಿಂದಕ್ಕೆ ಹೋಗಿ ನೋಡಿ ಬಂದವಳಂತೆ ಉತ್ತರ ಹೇಳುತ್ತಿದ್ದಳು.

ಒಂದು ಸಂಜೆ ಮುಖ್ಯಶಿಕ್ಷಕ ರಾಜೇಂದ್ರ ಹೊಸ ಮಾದರಿ ಪತ್ರಿಕೆಯ ಕಟ್ಟು ಹಿಡಿದು ನೇರ ತರಗತಿಗೇ ಬಂದರು. “ಮೇಡಂ, ಬ್ಲಾಕಿನ ಲೆಕ್ಕ ಹೊಸ ಥರ ಬಂದಿದೆ. ಇವತ್ತೇ ಮಾಡಿಸಿಬಿಡಿ” ಎಂದು ಒಂದು ಪ್ರತಿ ಕೈಗಿಟ್ಟು, ಹಿಂದಿನ ಬೆಂಚಿನಲ್ಲಿ ಕುಳಿತುಬಿಟ್ಟರು. ಅದರಲ್ಲಿ ಉತ್ತರಗಳಿರಲಿಲ್ಲ.

ಹುಡುಗನೊಬ್ಬ ಚಿತ್ರವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ. ಎರಡು ಸಾಲು ಬ್ಲಾಕುಗಳು, ಹಿಂದೊಂದು ಮುಂದೊಂದು. ಆಶಾರಾಣಿ ಎಣಿಸಿದರು. ಆರು ಬಂತು. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಆರು ಇರಲೇ ಇಲ್ಲ. ಮತ್ತೆ ಎಣಿಸಿದರು. ಎಡಗಡೆ ಏನೋ ಬಿಟ್ಟುಹೋಗುತ್ತಿದೆ ಎಂಬ ಅನುಮಾನದಿಂದ ಬೋರ್ಡಿನ ಅಂಚಿನಿಂದ ಶುರುಮಾಡಿ, ಕಂಡ ಒಂದೊಂದೇ ಬ್ಲಾಕಿಗೆ ಚಾಕ್‌ಪೀಸ್ ತಾಗಿಸುತ್ತಾ ಹೋದರು. ಒಂಬತ್ತು. ಆಯ್ಕೆಗಳಲ್ಲಿ ಒಂಬತ್ತಿತ್ತು.

“ಒಂಬತ್ತು” ಎಂದರು.

ಪ್ರಿಯಾಂಕಾ ಕೈ ಎತ್ತಿದಳು. “ಮಿಸ್, ಹನ್ನೆರಡಲ್ವಾ?”

“ಒಂಬತ್ತು ಅಂದ್ನಲ್ಲ.”

“ಹಿಂದಿನ ಸಾಲಲ್ಲಿ ಎಡದಿಂದ ಮೂರು, ಮೂರು, ಎರಡು, ಮಿಸ್. ಮುಂದೆ ಎರಡು, ಒಂದು, ಒಂದು. ಎಂಟು ನಾಲ್ಕು ಹನ್ನೆರಡು. ಮೂರು ಬ್ಲಾಕು ಮರೇಲಿ—”

“ಇಲ್ಲದ್ದನ್ನೆಲ್ಲ ಯಾಕೆ ಸೇರಿಸ್ತೀಯ? ಚಿತ್ರದಲ್ಲಿ ಇರೋದನ್ನ ಎಣಿಸು!”

ಆ ಮಾತು ತಮ್ಮ ಬಾಯಿಂದಲೇ ಬಂದದ್ದು ಎಂದು ಆಶಾರಾಣಿಗೆ ನಂಬಲಾಗಲಿಲ್ಲ. ಹುಡುಗಿ ತಲೆ ತಗ್ಗಿಸಿ ರಬ್ಬರ್ ತೆಗೆದುಕೊಂಡು ಹನ್ನೆರಡನ್ನು ಅಳಿಸಿದಳು. ಹಿಂದಿನ ಬೆಂಚಿನಲ್ಲಿ ರಾಜೇಂದ್ರ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬೆಲ್ ಹೊಡೆದಾಗ ಎದ್ದು ಹೋದರು.

ಮುಂದಿನ ಅಭ್ಯಾಸ ಪರೀಕ್ಷೆಯಲ್ಲಿ ಘನಗಳ ಪ್ರಶ್ನೆಗಳನ್ನು ಇಡೀ ತರಗತಿ ತಪ್ಪು ಮಾಡಿತ್ತು. ಎಲ್ಲರೂ ಕಂಡದ್ದನ್ನಷ್ಟೇ ಎಣಿಸಿದ್ದರು. ಪ್ರಿಯಾಂಕಾ ಕೂಡ. ಮಿಸ್ ಹೇಳಿದ ಮೇಲೆ ನಿಯಮ ಬದಲಾಗಿದೆ ಎಂದೇ ಮಕ್ಕಳು ತಿಳಿದಿದ್ದರು. ರಾಜೇಂದ್ರ ಆಫೀಸಿಗೆ ಕರೆಸಿದರು.

“ಮೇಡಂ, ಇದು ಹೆಂಗಾಯ್ತು? ಇದರಲ್ಲಿ ನಮ್ಮ ಮಕ್ಕಳು ಮಾರ್ಕ್ಸ್ ಬಿಟ್ಟಿದ್ದೇ ಇಲ್ಲ.”

“ಪ್ರಿಂಟ್ ಸರಿ ಇರಲಿಲ್ಲ ಸಾರ್. ಗೆರೆ ಅಳಿಸೋಗಿತ್ತು.”

ರಾಜೇಂದ್ರ ಪತ್ರಿಕೆ ತಿರುಗಿಸಿ ಮೇಜಿನ ಮೇಲಿಟ್ಟರು. ಗೆರೆಗಳು ಸ್ಪಷ್ಟವಾಗಿದ್ದವು. “ರೆಸ್ಟ್ ಬೇಕಿದ್ರೆ ತಗೊಳ್ಳಿ ಮೇಡಂ. ಪರೀಕ್ಷೆ ಹತ್ರ ಇದೆ” ಎಂದಷ್ಟೇ ಅಂದರು.

ಅಂದು ಆಶಾರಾಣಿ ಗಣಿತ ಕಿಟ್ಟಿನ ಮರದ ಘನಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ತಂದರು. ಕೈಯಲ್ಲಿ ಹಿಡಿದಾಗ ಅವು ಘನಗಳೇ. ಮುಟ್ಟಿ ಎಣಿಸಬಹುದು. ಹಿಂದಕ್ಕೆ ಕೈ ಹಾಕಿದರೆ ಹಿಂದಿನದೂ ಸಿಗುತ್ತದೆ. ಚಿತ್ರ ನೋಡಿ ಹಾಗೇ ಕಟ್ಟಿದರೆ ಮತ್ತೆ ಬಂದೀತು ಎಂದು ನೆಲದ ಮೇಲೆ ಕುಳಿತರು. ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ತಪ್ಪಾಗಿದೆ ಎಂದು ಗೊತ್ತಾಗುತ್ತಿತ್ತು. ಎಲ್ಲಿ ತಪ್ಪಾಗಿದೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ತಳ ಹಿಡಿದ ವಾಸನೆ ಬಂದರೂ ಏಳಲಿಲ್ಲ.

ಕೆಲಸ ಮುಗಿಸಿ ಬಂದ ಭಾನುಪ್ರಕಾಶ್ ಮೊದಲು ಒಲೆ ಆರಿಸಿದರು. ಆಮೇಲೆ ಹೆಂಡತಿಯ ಹಿಂದೆ ನಿಂತು ಪುಸ್ತಕವನ್ನೂ ಬ್ಲಾಕುಗಳನ್ನೂ ನೋಡಿದರು.

“ಎಡಗಡೆದು ಕಟ್ಟೇ ಇಲ್ವಲ್ಲ?”

“ಯಾವ ಎಡಗಡೆ?”

“ಇಲ್ಲಿ. ಚಿತ್ರದಲ್ಲಿ ಎಡಗಡೆ ಎತ್ತರಕ್ಕೆ ಎರಡು ಕಂಬ ಇದಾವಲ್ಲ. ನೀನು ಬಲಗಡೆ ಅರ್ಧ ಮಾತ್ರ ಕಟ್ಟಿದೀಯ.”

ಆಶಾರಾಣಿ ಪುಸ್ತಕ ನೋಡಿದರು. ಗಂಡ ಬೆರಳಿಟ್ಟ ಮೇಲೆ ಅಲ್ಲಿ ಗೆರೆಗಳಿದ್ದದ್ದು ಕಂಡಿತು. ಅದಕ್ಕೆ ಮೊದಲು ಅಲ್ಲಿ ಏನೂ ಇರಲಿಲ್ಲ ಎಂದು ಪ್ರಮಾಣ ಮಾಡಬಲ್ಲವರಾಗಿದ್ದರು. ಕೈಯಲ್ಲಿದ್ದ ಬ್ಲಾಕನ್ನು ಗೋಡೆಗೆ ಎಸೆದರು. “ನನಗೇನೋ ಆಗಿದೆ ರೀ. ಮಕ್ಕಳಿಗೆ ತಪ್ಪು ಹೇಳ್ಕೊಟ್ಟೆ. ಸರಿ ಹೇಳಿದ ಹುಡುಗೀನ ಬೈದೆ” ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತರು. ಭಾನುಪ್ರಕಾಶ್‌ಗೆ ಕೋಪವೂ ಬಂತು. “ಇಷ್ಟು ದಿನ ನನ್ಹತ್ರ ಯಾಕೆ ಹೇಳಲಿಲ್ಲ? ನಾನೇನು ಹೊರಗಿನವನಾ?” ಎಂದು ಗದರಿ, ಮತ್ತೆ ಪಕ್ಕದಲ್ಲೇ ಕುಳಿತು ಚೆಲ್ಲಾಪಿಲ್ಲಿಯಾದ ಘನಗಳನ್ನು ಒಂದೊಂದಾಗಿ ಆರಿಸಿದರು.

ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಸ್ಪತ್ರೆಯೊಂದರಲ್ಲಿ ಕೃಪಾ ಎಂಬ ಥೆರಪಿಸ್ಟ್ ಇದ್ದರು. ಪಾರ್ಶ್ವವಾಯುವಾದವರಿಗೆ ಊಟ ಮಾಡುವುದು, ಬಟ್ಟೆ ಉಡುವುದು, ಕೆಲಸಕ್ಕೆ ಮರಳುವುದನ್ನು ಮತ್ತೆ ಕಲಿಸುವವರು. ಅವರು ಆಶಾರಾಣಿಗೆ ಒಂದು ಘನದ ಚಿತ್ರ ಬರೆಯಲು ಹೇಳಿದರು. ವರ್ಷಗಟ್ಟಲೆ ಕಣ್ಣು ಮುಚ್ಚಿ ಬರೆಯುತ್ತಿದ್ದ ಚಿತ್ರ. ಒಂದು ಚೌಕ ಬಂತು. ಅದಕ್ಕೆ ಸೇರದ ಇನ್ನೊಂದು ಓರೆ ಚೌಕ ಬಂತು. ಎಡದ ಅಂಚು ಮುಚ್ಚಿಕೊಳ್ಳಲೇ ಇಲ್ಲ. ಆಶಾರಾಣಿ ಪೆನ್ಸಿಲ್ ಕೆಳಗಿಟ್ಟರು.

ಕೃಪಾ ಕಾಗದವನ್ನು ಪಕ್ಕಕ್ಕಿಟ್ಟು ಹೇಳಿದರು: “ನಿಮ್ಮ ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿದೆ ಮೇಡಂ. ಮಾತು, ಕೂಡೋದು ಕಳೆಯೋದು ನಿಮಗೆ ಉಳ್ಕೊಂಡಿದೆ. ಯಾವುದು ಮುಂದೆ, ಯಾವುದು ಹಿಂದೆ ಅನ್ನೋ ಅಂದಾಜು, ಎಡಗಡೆಯ ಗಮನ, ಇವು ಕೈ ಕೊಟ್ಟಿವೆ. ಕಣ್ಣಿಂದಲ್ಲ ತೊಂದರೆ.”

“ವಾಪಸ್ ಬರುತ್ತಾ?”

“ಸ್ವಲ್ಪ ಬರಬಹುದು. ಎಷ್ಟು ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ.”

“ಪರೀಕ್ಷೆ ಹತ್ರ ಇದೆ. ಅಷ್ಟರೊಳಗೆ?”

ಕೃಪಾ ಇಲ್ಲವೆಂದು ತಲೆಯಾಡಿಸಿದರು. ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಪ್ರತಿ ಸಾರಿಯೂ ಕಣ್ಣು ಆ ಗೆರೆ ಮುಟ್ಟಿದ ಮೇಲೇ ಶುರು ಮಾಡಬೇಕು ಎಂದು ಕಲಿಸಿಕೊಟ್ಟರು. “ಮಕ್ಕಳಿಗೆ ಹೇಳಿದೀರಾ?” ಎಂದು ಕೇಳಿದರು.

ವಾಪಸ್ಸಾಗುವಾಗ ಗಂಡನಿಗೆ ಹೇಳಿ ಸೊಣ್ಣಮ್ಮನ ಮನೆಯ ಹತ್ತಿರ ಬೈಕ್ ನಿಲ್ಲಿಸಿದರು. ಸೊಣ್ಣಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

“ಬನ್ನಿ ಮೇಡಂನೋರೆ. ಉಸಾರಾಗಿದ್ದೀರಾ? ಇವ್ಳು ಯಾಕೋ ನಿಮ್ಮ ಕಿಲಾಸಿಗೆ ಓಗಲ್ಲ ಅಂತವ್ಳೆ. ಕೇಳುದ್ರೆ ಬಾಯೇ ಬಿಡಾಕಿಲ್ಲ. ನೀವೇ ಬುದ್ಧಿ ಯೋಳಿ.”

ಪ್ರಿಯಾಂಕಾ ಒಳಗಿನಿಂದ ಬಂದು ಅಜ್ಜಿಯ ಹಿಂದೆ ನಿಂತಳು. ಆಶಾರಾಣಿ ಕೂರಲಿಲ್ಲ.

“ಅವತ್ತು ನೀನು ಹೇಳಿದ್ದೇ ಸರಿ ಕಣೇ. ಹನ್ನೆರಡೇ.”

ಹುಡುಗಿ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು.

“ನನಗೆ ಕಾಯಿಲೆ ಆದ್ಮೇಲೆ ಹಿಂದೆ ಇರೋ ಬ್ಲಾಕು ಕಾಣಲ್ಲ. ಗೊತ್ತಿದ್ದೂ ನಿನ್ನ ಬಾಯಿ ಮುಚ್ಚಿಸಿದೆ.”

“ನಾನು ಆಮೇಲಿಂದ ಎಲ್ಲಾದ್ರಲ್ಲೂ ಎರಡೆರಡು ಸಲ ಎಣಿಸ್ತೀನಿ ಮಿಸ್” ಎಂದಳು ಪ್ರಿಯಾಂಕಾ ಕೊನೆಗೆ. “ಒಂದ್ಸಲ ಕಾಣೋದು, ಒಂದ್ಸಲ ಇರೋದು. ಯಾವುದು ಬರೀಬೇಕು ಅಂತ ಗೊತ್ತಾಗಲ್ಲ. ಟೈಮೇ ಸಾಲಲ್ಲ.”

ಆಶಾರಾಣಿಗೆ ಬೈಸಿಕೊಂಡಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು. “ಇರೋದನ್ನ ಬರಿ. ಯಾವಾಗ್ಲೂ ಇರೋದನ್ನೇ” ಎಂದರು. ಹುಡುಗಿ ಹೂಂ ಎಂದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೊಣ್ಣಮ್ಮನಿಗೆ ಯಾವುದೂ ಅರ್ಥವಾಗದೆ, “ಕಾಣ್ದಿದ್ರೆ ಡಾಕುಟ್ರಿಗೆ ತೋರುಸ್ಬೇಕು ಕಣಮ್ಮ” ಎಂದು ಒಂದು ಸೇರಿನಷ್ಟು ಅವರೆಕಾಯಿಯನ್ನು ಸೆರಗಿಗೆ ಹಾಕಿ ಕಳಿಸಿದಳು.

ಮರುದಿನ ರಾಜೇಂದ್ರರಿಗೂ ತರಗತಿಗೂ ಹೇಳಿಯಾಯಿತು. ರಾಜೇಂದ್ರ, “ಈಗ ಬೇರೆ ಯಾರನ್ನ ತರಲಿ ಮೇಡಂ? ನೀವೇ ಹೆಂಗೋ ಮುಗಿಸಿ” ಎಂದರು. ಅದು ನಂಬಿಕೆಯ ಮಾತಾಗಿರಲಿಲ್ಲ. ಅವರಿಗೆ ಬೇರೆ ದಾರಿಯಿರಲಿಲ್ಲ.

ಆಶಾರಾಣಿ ಬೋರ್ಡಿನ ಎಡ ಅಂಚಿಗೆ ಕೆಂಪು ಚಾಕ್‌ಪೀಸಿನಲ್ಲಿ ಉದ್ದ ಗೆರೆ ಎಳೆದರು. ಚಿತ್ರ ಓದುವ ಕೆಲಸ ಇನ್ನು ಮಕ್ಕಳದೇ. ಇಬ್ಬರು ಬೇರೆ ಬೇರೆ ಕುಳಿತು ಒಂದೊಂದು ಕಂಬದ ಎತ್ತರ ಬರೆಯಬೇಕು. ಇಬ್ಬರದೂ ಒಂದೇ ಆದರೆ ಆಶಾರಾಣಿ ಆ ಸಂಖ್ಯೆಗಳನ್ನು ಚೌಕಗಳಲ್ಲಿ ತುಂಬಿ ಕೂಡುವರು. ಬೇರೆಯಾದರೆ ಆ ಚಿತ್ರವನ್ನು ಮರದ ಘನಗಳಲ್ಲಿ ಕಟ್ಟಿಸುವರು. ಕಟ್ಟಿದ್ದನ್ನು ಅವರು ಮುಟ್ಟಿ ಎಣಿಸಬಲ್ಲರು. ಆದರೆ ಕಟ್ಟಿದ್ದು ಚಿತ್ರದಂತಿದೆಯೇ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಕ್ಕಳು “ಹಂಗೇ ಇದೆ ಮಿಸ್” ಎಂದರೆ ಒಪ್ಪಬೇಕಿತ್ತು.

ಒಮ್ಮೆ ಕಾರ್ತಿಕ ಎಂಬ ಹುಡುಗ, ಎತ್ತರದ ಕಂಬದ ಬೆನ್ನಿಗೆ ಪೂರ್ತಿ ಮರೆಯಾಗಿ ಇನ್ನೊಂದು ಕಂಬವಿದ್ದರೆ ಏನು ಮಾಡುವುದು ಎಂದು ಕೇಳಿದ. “ಅದು ಇದೆ ಅಂತ ಹೇಳೋಕೂ ಆಗಲ್ಲ, ಇಲ್ಲ ಅಂತ ಹೇಳೋಕೂ ಆಗಲ್ಲ. ಅಂಥ ಚಿತ್ರಕ್ಕೆ ಒಂದೇ ಉತ್ತರ ಇರಲ್ಲ. ಅದಕ್ಕೇ ಒಳ್ಳೆ ಪ್ರಶ್ನೇಲಿ ಎಲ್ಲಾ ಕಂಬದ ತಲೆಯೂ ಕಾಣೋ ಹಂಗೆ ಬರೆದಿರ್ತಾರೆ. ತಲೆ ಕಂಡ್ರೆ ಸಾಕು, ಅದರ ಕೆಳಗೆ ನೆಲದವರೆಗೂ ಇದೆ ಅಂತ ಲೆಕ್ಕ” ಎಂದರು ಆಶಾರಾಣಿ. ಮಾತು ಸರಾಗವಾಗಿ ಬಂತು. ತಿಳಿವಳಿಕೆಯೆಲ್ಲ ಹಾಗೇ ಇತ್ತು. ಬೋರ್ಡಿನ ಕಡೆ ತಿರುಗಿದರೆ ಅಲ್ಲಿ ಮತ್ತೆ ಬರೀ ಗೆರೆಗಳು.

ಪ್ರಿಯಾಂಕಾ ತರಗತಿಗೆ ಬಂದಳು. ಎತ್ತರಗಳನ್ನು ಸರಿಯಾಗಿಯೇ ಓದುತ್ತಿದ್ದಳು. ಆದರೆ ಉತ್ತರ ಹೇಳುವ ಮುಂಚೆ ಒಂದು ಸಾರಿ ಮಿಸ್ಸಿನ ಮುಖ ನೋಡುವ ಅಭ್ಯಾಸವಾಗಿತ್ತು. ಮೊದಲು ಹಾಗೆ ನೋಡುತ್ತಿರಲಿಲ್ಲ. ಆಶಾರಾಣಿ ಮುಖ ಬೇರೆಡೆ ತಿರುಗಿಸಿಕೊಳ್ಳುತ್ತಿದ್ದರು.

ಪರೀಕ್ಷೆ ಬಂತು, ಹೋಯಿತು. ಘನಗಳ ಪ್ರಶ್ನೆ ಬಂದಿತ್ತು ಎಂದು ಮಕ್ಕಳು ಹೇಳಿದರು. ಒಬ್ಬೊಬ್ಬರು ಒಂದೊಂದು ಉತ್ತರ ಹೇಳಿದ್ದರಿಂದ ಯಾರದು ಸರಿ ಎಂದು ಗೊತ್ತಾಗಲಿಲ್ಲ. ಚಿತ್ರವನ್ನು ನೋಡಿ ಹೇಳಲು ಆಶಾರಾಣಿಗೆ ಆಗುತ್ತಿರಲಿಲ್ಲ. ಪ್ರಿಯಾಂಕಾ, “ಕೊನೇಲಿ ಐದು ಪ್ರಶ್ನೆ ಬಿಟ್ಟೋಯ್ತು ಮಿಸ್, ಟೈಮ್ ಆಯ್ತು” ಎಂದಳು.

ಆಯ್ಕೆಯಾದವರಲ್ಲಿ ಆ ಶಾಲೆಯ ಇಬ್ಬರು ಮಾತ್ರ ಇದ್ದರು. ಕಾರ್ತಿಕ ಒಬ್ಬ. ಪ್ರಿಯಾಂಕಾ ಇರಲಿಲ್ಲ. ರಾಜೇಂದ್ರ ದೂರಲಿಲ್ಲ. ಮುಂದಿನ ವರ್ಷದ ವಿಶೇಷ ತರಗತಿಯನ್ನು ಹೊಸದಾಗಿ ಬಂದ ವಿಜ್ಞಾನದ ಟೀಚರಿಗೆ ಕೊಟ್ಟಿರುವುದಾಗಿ ಸಹಜವಾಗಿ, ಹಾಜರಿ ಹಾಕುವ ಹೊತ್ತಿನಲ್ಲಿ ತಿಳಿಸಿದರು. ಆಶಾರಾಣಿ “ಆಗ್ಲಿ ಸಾರ್” ಎಂದು ಸಹಿ ಹಾಕಿದರು. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಬಹಳ ಹೊತ್ತು ಮುಖ ತೊಳೆದರು.

ಭಾನುಪ್ರಕಾಶ್ ಸಮಾಧಾನ ಹೇಳಲು ನೋಡಿದರು. ಐದು ಪ್ರಶ್ನೆ ಬಿಟ್ಟದ್ದಕ್ಕೆ ನೂರು ಕಾರಣವಿರಬಹುದು, ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳಬೇಡ ಎಂದರು. ಇರಬಹುದು. ಅಲ್ಲದೆಯೂ ಇರಬಹುದು. ಆ ಹುಡುಗಿ ಎರಡೆರಡು ಸಲ ಎಣಿಸುತ್ತಾ ಕುಳಿತದ್ದನ್ನು ನೆನೆದರೆ ಆಶಾರಾಣಿಗೆ ಅನ್ನ ಇಳಿಯುತ್ತಿರಲಿಲ್ಲ.

ಈಗ ಅವರು ಬೆಳಿಗ್ಗೆ ಕೆಳ ತರಗತಿಗಳಿಗೆ ಕೂಡುವುದು ಕಳೆಯುವುದು ಹೇಳಿಕೊಡುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಕೃಪಾ ಅವರಲ್ಲಿಗೆ ಹೋಗುತ್ತಾರೆ. ಬಾಗಿಲಿಗೆ ಭುಜ ಬಡಿಯುವುದು ಕಡಿಮೆಯಾಗಿದೆ. ಪೇಪರ್ ಓದಬಲ್ಲರು. ಚಿತ್ರಗಳು ಮಾತ್ರ ಎದ್ದು ನಿಲ್ಲುವುದಿಲ್ಲ.

ಕಳೆದ ವಾರ ಕೃಪಾ ಎಲ್ಲಕ್ಕಿಂತ ಸುಲಭದ ಚಿತ್ರವೊಂದನ್ನು ಮುಂದಿಟ್ಟರು. ಉದ್ದ ಎರಡು, ಅಗಲ ಎರಡು, ಎತ್ತರ ಎರಡು. ಆಶಾರಾಣಿ ಕೆಂಪು ಗೆರೆಯಿಂದ ಶುರುಮಾಡಿ ಬೆರಳಾಡಿಸಿ, “ಎಂಟು” ಎಂದರು.

“ಸರಿ! ಒಂದು ಹಿಂದೆ ಕೆಳಗೆ ಮರೇಲಿದೆ, ಅದೂ ಸೇರಿ ಹೇಳಿದ್ರಿ” ಎಂದು ಕೃಪಾ ಖುಷಿಪಟ್ಟರು. ಆಮೇಲೆ ಅವರ ಮುಖ ನೋಡಿ ಮೆಲ್ಲಗೆ ಕೇಳಿದರು: “ಕಂಡು ಹೇಳಿದ್ರಾ ಮೇಡಂ, ಗೊತ್ತಿದ್ದು ಹೇಳಿದ್ರಾ?”

ಆಶಾರಾಣಿ ಕಾಗದವನ್ನು ಕೃಪಾರತ್ತ ಸರಿಸಿದರು.

“ಗೊತ್ತಿದ್ದು” ಎಂದರು. “ಗೊತ್ತಿಲ್ಲದ್ದು ಒಂದು ಕೊಡಿ.”